‘ನೀಡ್‌ಫುಲ್’ ಎಂದರೆ ಏನು ಆಗಬೇಕು?

ಅಕ್ಕನ ಮಗ ಹೋದ ವಾರ ಕೆಲಸದ ಅರ್ಜಿಯ ಇಮೇಲ್ ಒಂದನ್ನು ಬರೆದು, “ಮಾವ, ಕಳಿಸೋ ಮುಂಚೆ ಒಂದ್ಸಲ ನೋಡ್ತೀರಾ?” ಎಂದು ಕೇಳಿದ್ದ. ಮೆಕ್ಯಾನಿಕಲ್ ಓದಿ, ಎರಡು ವರ್ಷದಿಂದ ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ತಪಾಸಣೆ ಮಾಡುತ್ತಿರುವ ಹುಡುಗ. ಈಗ ಇನ್ನೊಂದು ಕಂಪನಿಯ ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ಪ್ರಯತ್ನಿಸುತ್ತಿದ್ದಾನೆ. ಇಮೇಲ್ ಹೀಗಿತ್ತು:

“ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬವ್ ಸಬ್ಜೆಕ್ಟ್, ಐ ಆಮ್ ಹಿಯರ್‌ವಿತ್ ಅಟ್ಯಾಚಿಂಗ್ ಮೈ ರೆಸ್ಯೂಮೆ ಫಾರ್ ಯುವರ್ ಕೈಂಡ್ ಪೆರೂಸಲ್. ಕೈಂಡ್ಲಿ ಗೋ ಥ್ರೂ ದ ಸೇಮ್ ಅಂಡ್ ಡೂ ದ ನೀಡ್‌ಫುಲ್. ಕೈಂಡ್ಲಿ ರಿವರ್ಟ್ ಬ್ಯಾಕ್ ಅಟ್ ದಿ ಅರ್ಲಿಯೆಸ್ಟ್.”

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ಹುಡುಕಿ ತೆಗೆಯುವಂಥ ದೊಡ್ಡ ತಪ್ಪೇನೂ ಇಲ್ಲ. ‘ಡೂ ದ ನೀಡ್‌ಫುಲ್’ ಎಂಬುದು ನಾವು ಹುಟ್ಟಿಸಿದ ಇಂಗ್ಲಿಷ್ ಕೂಡ ಅಲ್ಲ. ಬ್ರಿಟಿಷರೇ ಒಂದು ಕಾಲಕ್ಕೆ ಬರೆಯುತ್ತಿದ್ದು, ಅವರು ಬಹುಮಟ್ಟಿಗೆ ಬಿಟ್ಟ ಮೇಲೂ ನಮ್ಮ ಕಚೇರಿಗಳಲ್ಲಿ ಉಳಿದುಕೊಂಡ ಮಾತು. ಕಡತದ ಲೋಕದಲ್ಲಿ ಅದಕ್ಕೆ ಅರ್ಥವೂ ಇದೆ. ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದ ಕಾಗದ ಯಾವ ಮೇಜಿಗೆ ಹೋಗಬೇಕು, ಅಲ್ಲಿ ಏನು ನಡೆಯಬೇಕು ಎಂಬುದು ಆ ಕಚೇರಿಯವರಿಗೆ ಮೊದಲೇ ತಿಳಿದಿರುತ್ತದೆ. ಆದರೆ ಅರ್ಜಿಯ ಇಮೇಲನ್ನು ತೆರೆಯುವವರು ಅಪರಿಚಿತರು. ರೆಸ್ಯೂಮೆಯನ್ನು ವಿಭಾಗದ ಮುಖ್ಯಸ್ಥರಿಗೆ ಕಳುಹಿಸಬೇಕೋ, ಸಂದರ್ಶನದ ದಿನ ತಿಳಿಸಬೇಕೋ, ತಲುಪಿತೆಂದರೆ ಸಾಕೋ ಎಂಬುದನ್ನು ‘ನೀಡ್‌ಫುಲ್’ ಅವರಿಗೆ ಹೇಳುವುದಿಲ್ಲ. ಕೇಳಬೇಕಾದ ಜಾಗದಲ್ಲಿಯೇ ಅರ್ಜಿದಾರ ಏನನ್ನೂ ಕೇಳಿರುವುದಿಲ್ಲ.

ಆದ್ದರಿಂದ ನಾನು ಅವನಿಗೆ ಪರ್ಯಾಯ ಪದಗಳ ಪಟ್ಟಿ ಕೊಡಲು ಹೋಗಲಿಲ್ಲ. “ನಿನಗೆ ಅವರಿಂದ ಏನು ಆಗಬೇಕು, ಕನ್ನಡದಲ್ಲಿ ಹೇಳು” ಎಂದೆ. ಸ್ವಲ್ಪ ಯೋಚಿಸಿ, “ಸಂದರ್ಶನಕ್ಕೆ ಕರೀಬೇಕು. ಸಂಜೆ ನಾಲ್ಕರ ಮೇಲಾದ್ರೆ ರಜೆ ಹಾಕೋದು ಬೇಡ. ರಾತ್ರಿ ಪಾಳಿ ಇದೆಯಾ ಅಂತಾನೂ ಗೊತ್ತಾಗಬೇಕು” ಎಂದ. ಅವನ ‘ನೀಡ್‌ಫುಲ್’ ಅಷ್ಟೇ ಆಗಿತ್ತು. ಅದನ್ನೇ ಇಂಗ್ಲಿಷಿಗೆ ತಂದೆವು: “ಐ ಆಮ್ ಅವೈಲಬಲ್ ಫಾರ್ ಆನ್ ಇಂಟರ್‌ವ್ಯೂ ಆನ್ ಎನಿ ವೀಕ್‌ಡೇ ಆಫ್ಟರ್ ಫೋರ್. ಕುಡ್ ಯೂ ಪ್ಲೀಸ್ ಟೆಲ್ ಮೀ ವೆದರ್ ದ ಜಾಬ್ ಇನ್‌ವಾಲ್ವ್ಸ್ ನೈಟ್ ಶಿಫ್ಟ್ಸ್?”

ಉಳಿದ ಮಾತುಗಳಲ್ಲಿ ಹೆಚ್ಚಿನವಕ್ಕೆ ಪರ್ಯಾಯವೇ ಬೇಕಿರಲಿಲ್ಲ. ‘ಹಿಯರ್‌ವಿತ್’, ‘ಕೈಂಡ್ ಪೆರೂಸಲ್’, ‘ದ ಸೇಮ್’ ಮೂರನ್ನೂ ತೆಗೆದರೆ “ಐ ಹ್ಯಾವ್ ಅಟ್ಯಾಚ್ಡ್ ಮೈ ರೆಸ್ಯೂಮೆ” ಉಳಿಯುತ್ತದೆ, ಅಷ್ಟು ಸಾಕು. ‘ರಿವರ್ಟ್’ ಮಾತ್ರ ಬೇರೆ ಜಾತಿಯದು. ನಮ್ಮಲ್ಲಿ ಅದಕ್ಕೆ ಉತ್ತರಿಸು ಎಂಬ ಅರ್ಥ ಬಂದುಬಿಟ್ಟಿದೆ. ಹೊರದೇಶದ ಬಹಳಷ್ಟು ಓದುಗರಿಗೆ ಅದು ಹಿಂದಿನ ಸ್ಥಿತಿಗೆ ಮರಳು ಎಂದೇ ಕೇಳಿಸುತ್ತದೆ. ‘ಪಾಸ್ಡ್ ಔಟ್ ಇನ್ 2022’ ಎಂದರಂತೂ ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದೆ ಎಂದು ತಿಳಿದುಕೊಳ್ಳುವವರಿದ್ದಾರೆ. ಇಂಥವನ್ನು ‘ರಿಪ್ಲೈ’ ಎಂದೂ ‘ಗ್ರ್ಯಾಜುಯೇಟೆಡ್’ ಎಂದೂ ಬದಲಿಸಲೇಬೇಕು.

‘ವಿತ್ ರೆಫರೆನ್ಸ್ ಟು ದಿ ಅಬವ್ ಸಬ್ಜೆಕ್ಟ್’ ನಮ್ಮ ಶಾಲೆಯ ರಜಾ ಅರ್ಜಿಯ ಪಳೆಯುಳಿಕೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಬರೆದು ಬರೆದು ನಮ್ಮ ಕೈ ಪಳಗಿದೆ. ಇಮೇಲಿನಲ್ಲಿ ವಿಷಯದ ಸಾಲು ಹೇಗೂ ಮೇಲೆಯೇ ಇರುತ್ತದೆ. ಅಲ್ಲಿ ಬರೀ ‘ಜಾಬ್ ಅಪ್ಲಿಕೇಶನ್’ ಎಂದಿದ್ದುದನ್ನು ಹುದ್ದೆಯ ಹೆಸರು, ಜಾಹೀರಾತಿನ ಸಂಖ್ಯೆ, ತನ್ನ ಹೆಸರು ಎಂದು ಬದಲಿಸಿದ. ಖಾಲಿಯಾದ ಮೊದಲ ವಾಕ್ಯದ ಜಾಗಕ್ಕೆ ಅವನ ನಿಜವಾದ ಬಂಡವಾಳ ಬಂತು: ಅಳತೆಯ ಯಂತ್ರವಾದ ಸಿಎಂಎಂನಲ್ಲಿ ಎರಡು ವರ್ಷದ ಅನುಭವವಿದೆ, ಮೂವತ್ತು ದಿನಗಳ ನೋಟಿಸ್ ಅವಧಿಯ ನಂತರ ಸೇರಬಲ್ಲೆ. ಮೊದಲಿನ ಕರಡಿನಲ್ಲಿ ಇವೆರಡೂ ಇರಲೇ ಇಲ್ಲ ಎಂಬುದೇ ನನಗೆ ನಿಜವಾದ ಬೇಸರ.

ಎರಡನೆಯ ಕರಡಿನಲ್ಲಿ ಅವನು ಎಲ್ಲಿಂದಲೋ “ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯೂ ವೆಲ್” ಎಂಬುದನ್ನು ತಂದು ಸೇರಿಸಿದ್ದ, ಜೊತೆಗೆ ‘ಎಸ್ಟೀಮ್ಡ್ ಆರ್ಗನೈಸೇಶನ್’ ಬೇರೆ. ಹಳೆಯ ಸವಕಲು ನಾಣ್ಯ ಕೊಟ್ಟು ಹೊಸ ಸವಕಲು ನಾಣ್ಯ ತಂದಂತಾಯಿತು ಎಂದು ಅವೆರಡನ್ನೂ ತೆಗೆಸಿದೆ. ಇನ್ನೊಂದು ಕಡೆ ಸರಳತೆಯ ಹುಮ್ಮಸ್ಸಿನಲ್ಲಿ “ಸೆಂಡ್ ಮೀ ದಿ ಇಂಟರ್‌ವ್ಯೂ ಡೇಟ್” ಎಂದು ಬರೆದು ಆಜ್ಞೆಯನ್ನೇ ಹೊರಡಿಸಿದ್ದ. ವಿನಯ ಬೇಕು, ಅದಕ್ಕೆ ಒಂದು ‘ಕುಡ್ ಯೂ ಪ್ಲೀಸ್’ ಸಾಕು. ಪ್ರತಿ ಸಾಲಿಗೂ ‘ಕೈಂಡ್ಲಿ’ ಹಚ್ಚಿದರೆ ವಿನಯಕ್ಕಿಂತ ಒತ್ತಾಯವೇ ಹೆಚ್ಚಾಗಿ ಕೇಳಿಸುತ್ತದೆ.

‘ರೆಸ್ಪೆಕ್ಟೆಡ್ ಸರ್’ ಬಗ್ಗೆ ಮಾತ್ರ ಅವನು ಜಗ್ಗಲಿಲ್ಲ, ಮರ್ಯಾದೆ ಕಡಿಮೆಯಾಗುತ್ತದೆ ಎಂದು ವಾದಿಸಿದ. ಜಾಹೀರಾತನ್ನು ತೆರೆಸಿ ತೋರಿಸಿದೆ. ಅರ್ಜಿಗಳನ್ನು ನೋಡುವವರು ಒಬ್ಬ ಮಹಿಳೆ, ಹೆಸರೂ ಅಲ್ಲಿಯೇ ಇತ್ತು. ‘ಡಿಯರ್ ಮಿಸ್’ ಎಂದು ಅವರ ಹೆಸರು ಹಾಕಿ, ಕೊನೆಗೆ ‘ಯುವರ್ಸ್ ಒಬೀಡಿಯೆಂಟ್ಲಿ’ ಅಳಿಸಿ, ‘ಯುವರ್ಸ್ ಸಿನ್ಸಿಯರ್ಲಿ’ ಎಂದು ಬರೆದು, ಕೆಳಗೆ ಫೋನ್ ನಂಬರು ಸೇರಿಸಿ ಕಳುಹಿಸಿದ.