ಎರಡು ಬೆಲೆ ಕೂಡಿಸಿ ಎರಡರಿಂದ ಭಾಗಿಸಿಬಿಟ್ಟರೆ ಮುಗೀತಾ?

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಷೇರಿಗೆ ಬೆಲೆ ಕಟ್ಟಿದ ಒಂದೇ ಒಂದು ಹಾಳೆ ಅದಕ್ಕೆ ಕಾರಣ.

ನನ್ನ ಕೆಲಸ ಏನು ಅಂತ ನಿಮಗೆಲ್ಲ ಗೊತ್ತು. ಬ್ಯಾಲೆನ್ಸ್ ಶೀಟ್ ಓದುತ್ತಲೇ ಕೂದಲು ಬೆಳ್ಳಗಾದವನು ನಾನು. ಹಾಗಾಗಿ ಇಂಥ ಹಾಳೆಗಳು ನನ್ನ ಹತ್ತಿರ ಬರುತ್ತವೆ. ಈ ಸಲ ತಂದವರು ನನ್ನ ಗೆಳೆಯನ ಅಕ್ಕ. ನನಗೂ ಅಕ್ಕನೇ. ಅವರ ತಂದೆ ಕಟ್ಟಿದ ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿ ಒಂದಿದೆ. ಇಬ್ಬರು ತಮ್ಮಂದಿರು ನಡೆಸುತ್ತಾರೆ. ಒಟ್ಟು 50,000 ಷೇರು, ಮುಖಬೆಲೆ 100 ರೂಪಾಯಿ. ಅದರಲ್ಲಿ ಅಕ್ಕನದು 4,000. ಈಗ ತಮ್ಮಂದಿರು ಅದನ್ನು ಕೊಂಡುಕೊಳ್ಳುತ್ತೇವೆ ಅಂದಿದ್ದಾರೆ. ಅಕ್ಕನೂ ಒಪ್ಪಿದ್ದಾರೆ. ಜಗಳ ಏನೂ ಇಲ್ಲ. "ಬೆಲೆ ಸರಿ ಇದೆಯಾ, ನೀನೇ ಒಂದ್ಸಲ ನೋಡಪ್ಪ" ಅಂತ ಹಾಳೆ ಕೈಗೆ ಕೊಟ್ಟರು.

ಹಾಳೆಯಲ್ಲಿ ಇದ್ದದ್ದು ಮೂರೇ ಸಾಲು. ನಿವ್ವಳ ಆಸ್ತಿ ವಿಧಾನದಲ್ಲಿ ಷೇರಿಗೆ 160 ರೂಪಾಯಿ. ಯೀಲ್ಡ್ ವಿಧಾನದಲ್ಲಿ 100 ರೂಪಾಯಿ. ಎರಡರ ಸರಾಸರಿ 130. ಕೆಳಗೆ ಗೆರೆ ಎಳೆದು, "ನ್ಯಾಯಯುತ ಮೌಲ್ಯ" ಅಂತ ಬರೆದು, ಸಹಿ ಹಾಕಿದ್ದಾರೆ.

ಷೇರುಪೇಟೆಯಲ್ಲಿ ಲಿಸ್ಟ್ ಆಗದ ಕಂಪನಿಗೆ ಪೇಟೆಯ ಬೆಲೆ ಇರುವುದಿಲ್ಲ. ಅದಕ್ಕೇ ಈ ಎರಡು ವಿಧಾನ. ಎರಡೂ ಕೇಳುವ ಪ್ರಶ್ನೆಗಳೇ ಬೇರೆ. ಇವತ್ತು ಎಲ್ಲ ಮಾರಿ, ಸಾಲವೆಲ್ಲ ತೀರಿಸಿದರೆ ಒಂದು ಷೇರಿಗೆ ಎಷ್ಟು ಉಳಿಯುತ್ತದೆ? ಇದು ನಿವ್ವಳ ಆಸ್ತಿ ವಿಧಾನದ ಪ್ರಶ್ನೆ. ಈ ಕಂಪನಿ ಮುಂದೆಯೂ ದುಡಿಯುತ್ತಾ ಹೋದರೆ, ಆ ದುಡಿಮೆಗಾಗಿ ಒಂದು ಷೇರಿಗೆ ಎಷ್ಟು ಕೊಡಬಹುದು? ಇದು ಯೀಲ್ಡ್ ವಿಧಾನದ ಪ್ರಶ್ನೆ. ಒಂದಕ್ಕೆ 160, ಇನ್ನೊಂದಕ್ಕೆ 100 ಅಂತ ಉತ್ತರ ಬಂದಾಗ ಲೆಕ್ಕ ಬಲ್ಲವನು ಮೊದಲು ಮಾಡಬೇಕಾದ ಕೆಲಸ, ಈ 60 ರೂಪಾಯಿ ಅಂತರ ಎಲ್ಲಿಂದ ಬಂತು ಅಂತ ಹುಡುಕುವುದು. ಸರಾಸರಿ ತೆಗೆದರೆ ಆ ಪ್ರಶ್ನೆಯೇ ಮುಚ್ಚಿಹೋಗುತ್ತದೆ. ನನ್ನ ಸಿಟ್ಟು ಇರುವುದು ಇಲ್ಲೇ.

ನಾನು ಹುಡುಕಿದೆ. ಅಕ್ಕನ ಹತ್ತಿರ ಮೂರು ವರ್ಷದ ಲೆಕ್ಕಪತ್ರ ಇತ್ತು, ರಾತ್ರಿ ಕೂತು ನೋಡಿದೆ.

ಮೊದಲು ಆಸ್ತಿ ಕಡೆಗೆ ಬನ್ನಿ. ಬ್ಯಾಲೆನ್ಸ್ ಶೀಟ್‌ನಲ್ಲಿ ಒಟ್ಟು ಆಸ್ತಿ 100 ಲಕ್ಷ. ಸಾಲ, ಕೊಡಬೇಕಾದ ಬಾಕಿ ಎಲ್ಲ ಸೇರಿ 20 ಲಕ್ಷ. ಉಳಿದದ್ದು 80 ಲಕ್ಷ. 50,000 ಷೇರಿಗೆ ಹಂಚಿದರೆ 160. ಹಾಳೆ ಬರೆದವರು ಮಾಡಿದ್ದು ಇಷ್ಟೇ. ಪುಸ್ತಕದಲ್ಲಿದ್ದ ಅಂಕಿಗಳನ್ನು ಹಾಗೇ ಎತ್ತಿಟ್ಟಿದ್ದಾರೆ.

ಆದರೆ ಆ 100 ಲಕ್ಷದೊಳಗೆ "ಭೂಮಿ: 5 ಲಕ್ಷ" ಅಂತ ಒಂದು ಸಾಲು ಇದೆ. ಅಕ್ಕನನ್ನು ಕೇಳಿದೆ. "ಅದು ಅಪ್ಪ ಕೊಂಡಿದ್ದ ಖಾಲಿ ಸೈಟು, ಸುತ್ತ ಬೇಲಿ ಹಾಕಿದೆ ಅಷ್ಟೆ" ಅಂದರು. ಕಾರ್ಖಾನೆ ಇರುವುದು ಬೇರೆ ಕಡೆ, ಬಾಡಿಗೆ ಜಾಗದಲ್ಲಿ. ಸೈಟಿನ ಅಕ್ಕಪಕ್ಕ ಈಚೆಗೆ ಆದ ನೋಂದಣಿಗಳ ದರ ಹಿಡಿದರೆ ಇವತ್ತಿನ ಬೆಲೆ ಸುಮಾರು 45 ಲಕ್ಷ. ಭೂಮಿಗೆ ಸವಕಳಿ ಇಲ್ಲ. ಹೆಚ್ಚಿದ ಬೆಲೆಯನ್ನು ಪುಸ್ತಕಕ್ಕೆ ಏರಿಸಲೇಬೇಕು ಅಂತಲೂ ಇಲ್ಲ. ಹಾಗಾಗಿ ಕೊಂಡ ದಿನದ ಬೆಲೆಯೇ ಇವತ್ತಿಗೂ ಕೂತಿದೆ. ಇದು ಲೆಕ್ಕಪತ್ರದ ತಪ್ಪಲ್ಲ. ಅದನ್ನು ಷೇರಿನ ಬೆಲೆ ಕಟ್ಟಲು ಹಾಗೇ ಎತ್ತಿಕೊಂಡದ್ದು ತಪ್ಪು.

ಅಕ್ಕನ ಪರ ವಾಲುವ ತಿದ್ದುಪಡಿ ಮಾತ್ರ ಮಾಡಿದೆ ಅಂದುಕೊಳ್ಳಬೇಡಿ. ಬರಬೇಕಾದ ಬಾಕಿ 20 ಲಕ್ಷ ಅಂತ ತೋರಿಸಿದ್ದಾರೆ. ಅದರಲ್ಲಿ 5 ಲಕ್ಷ, ನಾಲ್ಕು ವರ್ಷದ ಹಿಂದೆಯೇ ಬಾಗಿಲು ಹಾಕಿದ ಗಿರಾಕಿಯದು. ಆ ದುಡ್ಡು ಬರುವುದಿಲ್ಲ. ಅದನ್ನು ಕಳೆಯಲೇಬೇಕು. ಯಂತ್ರಗಳ ಬೆಲೆಗೆ ನಾನು ಕೈ ಹಾಕಲಿಲ್ಲ, ಅದಕ್ಕೆ ಬೇರೆ ಪರಿಣಿತರು ಬೇಕು. ಈಗ ಲೆಕ್ಕ ನೋಡಿ. 80 ಲಕ್ಷಕ್ಕೆ ಸೈಟಿನ ಏರಿಕೆ 40 ಸೇರಿಸಿ, ಬಾರದ ಬಾಕಿ 5 ಕಳೆದರೆ 115 ಲಕ್ಷ. ಸೈಟು ಮಾರಿದರೆ ಲಾಭದ ಮೇಲೆ ತೆರಿಗೆ, ಖರ್ಚು ಅಂತ ಸುಮಾರು 5 ಲಕ್ಷ ಹೋಗುತ್ತದೆ. ಅದನ್ನೂ ಕಳೆದೆ. 110 ಲಕ್ಷ. ಷೇರಿಗೆ 220 ರೂಪಾಯಿ.

ಇನ್ನು ಯೀಲ್ಡ್. ಮೂರು ವರ್ಷದ ತೆರಿಗೆ ನಂತರದ ಲಾಭ 6 ಲಕ್ಷ, 7 ಲಕ್ಷ, 11 ಲಕ್ಷ. ಸರಾಸರಿ 8 ಲಕ್ಷ. ಬಂಡವಾಳ 50 ಲಕ್ಷ, ಅಂದರೆ ಶೇಕಡಾ 16 ಗಳಿಕೆ. ಇಂಥ ವ್ಯಾಪಾರದಲ್ಲಿ ಹೂಡುವವರು ಬಯಸುವ ಸಾಮಾನ್ಯ ದರವನ್ನೂ 16 ಅಂತಲೇ ಹಿಡಿದಿದ್ದಾರೆ. 16ನ್ನು 16ರಿಂದ ಭಾಗಿಸಿ, 100ರ ಮುಖಬೆಲೆಯಿಂದ ಗುಣಿಸಿದರೆ 100. ಸೂತ್ರ ಸರಿಯಾಗಿದೆ. ಒಳಗೆ ಹಾಕಿದ ಅಂಕಿಗಳು ಸರಿ ಇಲ್ಲ.

ಕೊನೇ ವರ್ಷದ 11 ಲಕ್ಷದಲ್ಲಿ 3 ಲಕ್ಷ ಹಳೇ ಯಂತ್ರ ಮಾರಿ ಬಂದ ಲಾಭ. ಅದು ಮುಂದಿನ ವರ್ಷ ಬರುವುದಿಲ್ಲ. ಯೀಲ್ಡ್ ವಿಧಾನಕ್ಕೆ ಬೇಕಾದದ್ದು ಮುಂದೆಯೂ ಬರುತ್ತದೆ ಅಂತ ನಂಬಬಹುದಾದ ಲಾಭ. ಆ 3 ತೆಗೆದರೆ 6, 7, 8. ಸರಾಸರಿ 7. ಇದೂ ಅಕ್ಕನಿಗೆ ವಿರುದ್ಧವಾದ ತಿದ್ದುಪಡಿಯೇ.

ಆಮೇಲೆ ಸಂಬಳದ ಸಾಲು ನೋಡಿದೆ. ತಮ್ಮಂದಿರಿಬ್ಬರೂ ಡೈರೆಕ್ಟರುಗಳಾಗಿ ತೆಗೆದುಕೊಳ್ಳುವ ಸಂಬಳ, ಅದೇ ಕೆಲಸಕ್ಕೆ ಹೊರಗಿನವರನ್ನು ಇಟ್ಟುಕೊಂಡರೆ ಕೊಡಬೇಕಾದದ್ದಕ್ಕಿಂತ ವರ್ಷಕ್ಕೆ 4 ಲಕ್ಷ ಜಾಸ್ತಿ. ಅವರು ಮೋಸ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಮನೆಯವರೇ ನಡೆಸುವ ಕಂಪನಿಗಳಲ್ಲಿ ಇದು ಮಾಮೂಲಿ. ಆದರೆ ಆ ಹೆಚ್ಚಿನ 4 ಲಕ್ಷ ನಿಜದಲ್ಲಿ ಕಂಪನಿಯ ಲಾಭವೇ, ಸಂಬಳದ ಹೆಸರಲ್ಲಿ ಹೊರಗೆ ಹೋಗುತ್ತಿದೆ. ಅದರಲ್ಲಿ ಕಾಲು ಭಾಗ ತೆರಿಗೆಗೆ ಹೋದರೂ 3 ಲಕ್ಷ ಉಳಿಯುತ್ತದೆ. 7ಕ್ಕೆ 3 ಸೇರಿಸಿ 10 ಲಕ್ಷ. 50 ಲಕ್ಷದ ಮೇಲೆ ಶೇಕಡಾ 20. 16ರಿಂದ ಭಾಗಿಸಿ 100ರಿಂದ ಗುಣಿಸಿದರೆ 125 ರೂಪಾಯಿ.

ಆ 16ರ ಬಗ್ಗೆಯೂ ಒಂದು ಮಾತು. ಈ ವಿಧಾನದಲ್ಲಿ ಅತಿ ಸುಲಭವಾಗಿ ಬಗ್ಗುವ ಅಂಕಿ ಅದು. ಅದೇ ಲಾಭಕ್ಕೆ 12 ಹಿಡಿದರೆ ಷೇರು ಸುಮಾರು 167 ಆಗುತ್ತದೆ, 20 ಹಿಡಿದರೆ 100ಕ್ಕೆ ಇಳಿಯುತ್ತದೆ. ಯಾಕೆ 16 ಅಂತ ಹಾಳೆಯಲ್ಲಿ ಒಂದು ಸಾಲಿನ ಕಾರಣವೂ ಇಲ್ಲ. ನಾನು ಅದನ್ನು ಬದಲಿಸಲಿಲ್ಲ. ಚಿಕ್ಕ ಕಂಪನಿ, ಬೇಕೆಂದಾಗ ಷೇರು ಮಾರಲು ಆಗುವುದಿಲ್ಲ, ಆ ಅಪಾಯಕ್ಕೆ ಲಿಸ್ಟ್ ಆದ ಕಂಪನಿಗಿಂತ ಶೇಕಡಾ ಮೂರು ನಾಲ್ಕು ಜಾಸ್ತಿ ಕೇಳುವುದು ನ್ಯಾಯವೇ. ಆದರೆ ಕಾರಣ ಬರೆಯಬೇಕಿತ್ತು, ಅಲ್ವಾ?

ಈಗ ನನ್ನ ಮುಂದೆ 220 ಮತ್ತು 125. ಅಂತರ ಮೊದಲಿಗಿಂತ ಹೆಚ್ಚಾಯಿತು! ಹಾಳೆ ಬರೆದವರು ಇಲ್ಲಿದ್ದಿದ್ದರೆ ಮತ್ತೆ ಸರಾಸರಿ ತೆಗೆದು 172.50 ಅನ್ನುತ್ತಿದ್ದರು. ಸ್ವಲ್ಪ ತಡೆಯಿರಿ. ಆ ಖಾಲಿ ಸೈಟು ವರ್ಷಕ್ಕೆ ಎಷ್ಟು ದುಡಿಯುತ್ತದೆ? ಒಂದು ಪೈಸೆಯೂ ಇಲ್ಲ. ಅಂದರೆ ಲಾಭದ ಮೇಲೆ ನಿಂತ ಯೀಲ್ಡ್ ವಿಧಾನದ ಕಣ್ಣಿಗೆ ಆ ಸೈಟು ಕಾಣುವುದೇ ಇಲ್ಲ. 125 ರೂಪಾಯಿ ಬರೀ ಕಾರ್ಖಾನೆಯ ಬೆಲೆ. ವ್ಯಾಪಾರಕ್ಕೆ ಬಳಸದ ಆಸ್ತಿಯನ್ನು ಬೇರೆಯಾಗಿ ಲೆಕ್ಕ ಹಾಕಿ ಸೇರಿಸಬೇಕು. ತೆರಿಗೆ, ಖರ್ಚು ಕಳೆದು ಸೈಟಿನಿಂದ ಉಳಿಯುವುದು 40 ಲಕ್ಷ, ಷೇರಿಗೆ 80 ರೂಪಾಯಿ. 125ಕ್ಕೆ 80 ಸೇರಿಸಿದರೆ 205.

220 ಮತ್ತು 205. ಎರಡು ಬೇರೆ ದಾರಿ ಹಿಡಿದು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು. ಉಳಿದ 15 ರೂಪಾಯಿಗೂ ಕಾರಣ ಇದೆ. ಸೈಟು ಬಿಟ್ಟು ವ್ಯಾಪಾರದಲ್ಲಿ ತೊಡಗಿದ ನಿವ್ವಳ ಆಸ್ತಿ 70 ಲಕ್ಷ. ಅದಕ್ಕೆ ಶೇಕಡಾ 16ರ ಲೆಕ್ಕದಲ್ಲಿ 11.2 ಲಕ್ಷ ದುಡಿಯಬೇಕಿತ್ತು, ದುಡಿಯುತ್ತಿರುವುದು 10. ಸ್ವಲ್ಪ ಕಡಿಮೆ. ಹಾಗಾಗಿ ಮಾಮೂಲಿಗಿಂತ ಹೆಚ್ಚು ದುಡಿಯುವ ವ್ಯಾಪಾರದ ಹೆಸರಿಗೆ ಕೊಡುವ ಬೆಲೆ, ಗುಡ್‌ವಿಲ್ ಅಂತ ಏನೂ ಸೇರಿಸುವ ಹಾಗಿಲ್ಲ. ನಡೆಯುವ ಕಂಪನಿ ಆದ್ದರಿಂದ ನಾನು 205ನ್ನೇ ಹಿಡಿಯುತ್ತೇನೆ. 1972ರಲ್ಲಿ ಮಹಾದೇವ್ ಜಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ನಡೆಯುತ್ತಿರುವ ಕಂಪನಿಗೆ ಸಾಮಾನ್ಯವಾಗಿ ಯೀಲ್ಡ್ ವಿಧಾನವೇ ಸರಿ, ಮುಚ್ಚುವ ಹಂತಕ್ಕೆ ಬಂದಿದ್ದರೆ ಆಸ್ತಿಯ ಲೆಕ್ಕ ಅಂತ ಹೇಳಿದೆ.

130 ಎಲ್ಲಿ, 205 ಎಲ್ಲಿ? 4,000 ಷೇರಿಗೆ 3 ಲಕ್ಷ ರೂಪಾಯಿ ವ್ಯತ್ಯಾಸ.

ಇದನ್ನು ಓದಿ ನನ್ನ ವೃತ್ತಿಯ ಗೆಳೆಯರು ಏನು ಹೇಳುತ್ತಾರೆ ಅಂತ ಗೊತ್ತು. "ಆಕೆಯದು ಬರೀ ಶೇಕಡಾ 8. ಸೈಟು ಮಾರಿಸುವ ಅಧಿಕಾರ ಆಕೆಗಿಲ್ಲ. ಕೈಗೆ ಸಿಗುವುದು ಡಿವಿಡೆಂಡ್ ಮಾತ್ರ, ಅದರ ಮೇಲೆ ಬೆಲೆ ಕಟ್ಟಬೇಕು." ಹೊರಗಿನವರೊಬ್ಬರು ಆ 8 ಭಾಗ ಕೊಳ್ಳುವುದಾದರೆ ನಾನೂ ಇದನ್ನೇ ಹೇಳುತ್ತಿದ್ದೆ. ಇಲ್ಲಿ ಕೊಳ್ಳುತ್ತಿರುವವರು ಯಾರು? ಸೈಟು ಮಾರುವ ಅಧಿಕಾರ ಈಗಾಗಲೇ ಕೈಯಲ್ಲಿರುವವರು. ಡಿವಿಡೆಂಡ್ ಎಷ್ಟು ಅಂತ ತೀರ್ಮಾನಿಸುವವರೂ ಅವರೇ. ತಾವೇ ಕಡಿಮೆ ಇಟ್ಟ ಡಿವಿಡೆಂಡ್ ತೋರಿಸಿ ಅಕ್ಕನ ಷೇರಿಗೆ ಕಡಿಮೆ ಬೆಲೆ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ.

ಇನ್ನು "ತೆರಿಗೆಯವರು ಪುಸ್ತಕದ ಬೆಲೆಯನ್ನೇ ಒಪ್ಪುತ್ತಾರಲ್ಲ" ಅನ್ನುವವರಿಗೆ: ಆದಾಯ ತೆರಿಗೆ ನಿಯಮಾವಳಿಯಲ್ಲಿ ಲಿಸ್ಟ್ ಆಗದ ಷೇರಿಗೆ ಬೆಲೆ ಕಟ್ಟುವ ನಿಯಮ ತೆರೆದು ನೋಡಿ. ಬೇರೆ ಹಲವು ಆಸ್ತಿಗೆ ಪುಸ್ತಕದ ಬೆಲೆ ಸಾಕು ಅನ್ನುವ ಆ ಸೂತ್ರ ಕೂಡ ಸ್ಥಿರಾಸ್ತಿಗೆ ಮುದ್ರಾಂಕ ಶುಲ್ಕಕ್ಕೆ ಹಿಡಿಯುವ ಬೆಲೆಯನ್ನು ಕೇಳುತ್ತದೆ. ಹಳೇ 5 ಲಕ್ಷವನ್ನು ಅದೂ ಒಪ್ಪುವುದಿಲ್ಲ.

ಒಂದು ವಿಷಯ ಇವತ್ತು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇಂಥದೇ ಹಾಳೆ ಬರೆದಿದ್ದೇನೆ. ಪರೀಕ್ಷೆಯಲ್ಲಿ ಎರಡೂ ಬೆಲೆ ಕಂಡುಹಿಡಿದು ಸರಾಸರಿ ತೆಗೆದರೆ ಪೂರ್ತಿ ಅಂಕ ಸಿಗುತ್ತಿತ್ತು. ಆಫೀಸಿನಲ್ಲೂ ಅದನ್ನೇ ಮಾಡಿದೆ. ಆ ಹಾಳೆ ನಂಬಿ ಒಬ್ಬರು ತಮ್ಮ ಪಾಲು ಬಿಟ್ಟುಕೊಟ್ಟು ಹೋದರು. ಅವರ ಕಂಪನಿಯ ಪುಸ್ತಕದಲ್ಲೂ ಭೂಮಿಯ ಸಾಲು ಇತ್ತು. ಅದರ ಮುಂದಿದ್ದ ಅಂಕಿ ಯಾವ ಕಾಲದ್ದು ಅಂತ ನಾನು ಕೇಳಲೇ ಇಲ್ಲ. ನಿನ್ನೆ ರಾತ್ರಿ ನಿದ್ದೆ ಬಾರದೆ ಇದ್ದದ್ದಕ್ಕೆ ಅದೂ ಕಾರಣ.

ಬೆಳಿಗ್ಗೆ ತಿದ್ದಿದ ಲೆಕ್ಕವನ್ನು ಅಕ್ಕನಿಗೆ ಕಳಿಸಿದೆ. ಎಲ್ಲ ಅಂಕಿಯ ಪಕ್ಕ ಅದು ಎಲ್ಲಿಂದ ಬಂತು ಅಂತ ಬರೆದಿದ್ದೆ. ಮಧ್ಯಾಹ್ನ ದೊಡ್ಡ ತಮ್ಮನ ಫೋನ್ ಬಂತು. ರೇಗುತ್ತಾರೇನೋ ಅಂದುಕೊಂಡಿದ್ದೆ. "ಸರ್, ಸಂಬಳದ ಲೆಕ್ಕ ಒಪ್ಪುತ್ತೀನಿ. ಆದರೆ ಸೈಟಿಗೆ 45 ಅಂತ ಹೇಗೆ ಹಿಡಿದ್ರಿ? ಒಂದು ಮೂಲೆ ರಸ್ತೆಗೆ ಹೋಗುತ್ತೆ ಅಂತಿದ್ದಾರೆ" ಅಂದರು. ಅದು ನನಗೆ ಗೊತ್ತಿರಲಿಲ್ಲ. ನಿಜವಾಗಿದ್ದರೆ 45 ಇಳಿಯುತ್ತದೆ, 205 ಕೂಡ ಇಳಿಯುತ್ತದೆ. ಮುಂದಿನ ವಾರ ವ್ಯಾಲ್ಯೂಯರ್ ಕರೆಸಿ ಸೈಟು ಅಳೆಸೋಣ ಅಂತ ಮಾತಾಗಿದೆ. ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡಿ ಅಂತ ಅಕ್ಕನಿಗೆ ಹೇಳಿದ್ದೇನೆ.