ಫೋಟೊ ಹಾಕುವ ಗುಂಡಿ ಇದ್ದ ಮಾತ್ರಕ್ಕೆ ಚಿತ್ರ ಕಾಣುವುದಿಲ್ಲ

“ಆ್ಯಪ್‌ನಲ್ಲಿ ಫೋಟೊ ಹಾಕಲು ಗುಂಡಿ ಇದ್ದರೆ ಸಾಕು, ಯಾವ ಎಐ ಆದರೂ ಚಿತ್ರ ನೋಡಿಯೇ ಉತ್ತರಿಸುತ್ತದೆ.”

ಇದು ತಪ್ಪು. ಪಠ್ಯವನ್ನಷ್ಟೇ ಓದುವ ಎಐ ಮಾದರಿಯೊಳಗೆ ಹೋಗುವುದು ಪದಗಳ ತುಣುಕುಗಳು, ಅಂದರೆ ಟೋಕನ್‌ಗಳು ಮಾತ್ರ. ಹೀಗಾಗಿ ಕೆಲವು ಆ್ಯಪ್‌ಗಳು ಅದರ ಮುಂದೆ ಒಸಿಆರ್ ತಂತ್ರಾಂಶವನ್ನು ಕೂರಿಸುತ್ತವೆ. ಅದು ಫೋಟೊದಲ್ಲಿನ ಅಕ್ಷರಗಳನ್ನು ಹೆಕ್ಕಿ ಮಾದರಿಗೆ ಕೊಡುತ್ತದೆ. ಫೋಟೊ ಮಾತ್ರ ಹೊರಗೇ ಉಳಿಯುತ್ತದೆ.

ಅಂಕಪಟ್ಟಿಯೊಂದರಲ್ಲಿ ಗಣಿತದ 35ನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ 53 ಎಂದು ತಿದ್ದಿದ್ದಾರೆ ಎನ್ನಿ. ಮಾದರಿಗೆ ತಲುಪುವುದು “ಗಣಿತ 35 53” ಎಂಬ ಸಾಲಷ್ಟೇ. ಹೊಡೆದ ಗೆರೆಯೂ ಇಲ್ಲ, ಕೆಂಪು ಬಣ್ಣವೂ ಇಲ್ಲ. ಯಾವುದು ಸರಿಯಾದ ಅಂಕ ಎಂದು ಕೇಳಿದರೆ ಅದು ಊಹಿಸಲೇಬೇಕು.

ಚಿತ್ರವನ್ನೂ ಸ್ವೀಕರಿಸುವ ಮಾದರಿಯ ರಚನೆಯೇ ಬೇರೆ. 2023ರ ಲಾವಾ 1.5 ಮಾದರಿಯನ್ನು ನೋಡಿ: ಚಿತ್ರವನ್ನು 336×336 ಪಿಕ್ಸೆಲ್‌ಗೆ ಇಳಿಸಿ, 14 ಪಿಕ್ಸೆಲ್ ಅಗಲದ 576 ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕವೂ ಸಂಖ್ಯೆಗಳ ಸಾಲಾಗಿ ಮಾರ್ಪಟ್ಟು, ಪ್ರಶ್ನೆಯ ಪದಗಳ ಜೊತೆಗೇ ಮಾದರಿಯೊಳಗೆ ಸೇರುತ್ತದೆ. ಆದ್ದರಿಂದ ಗೆರೆ, ಬಣ್ಣ, ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇದಕ್ಕೂ ಮಿತಿಯಿದೆ. ಇಡೀ ಪುಟವನ್ನು ಅಷ್ಟು ಚಿಕ್ಕದಾಗಿಸಿದರೆ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ, ಮಾದರಿ ಧೈರ್ಯವಾಗಿ ತಪ್ಪು ಅಂಕಿ ಹೇಳುತ್ತದೆ. ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಕಳುಹಿಸುವುದು ಒಳ್ಳೆಯದು.

ನಿಮ್ಮ ಆ್ಯಪ್ ಯಾವ ಬಗೆಯದು ಎಂದು ತಿಳಿಯಲು, ಅಕ್ಷರವೇ ಇಲ್ಲದ ಫೋಟೊ ಹಾಕಿ. ಅಂಚು ಹಳದಿಯಾದ ವೀಳ್ಯದೆಲೆಯ ಚಿತ್ರ ಕೊಟ್ಟು, ಹಳದಿ ಎಲ್ಲಿದೆ ಎಂದು ಕೇಳಿ. ಒಸಿಆರ್ ನೆಚ್ಚಿಕೊಂಡಿರುವ ಆ್ಯಪ್‌ಗೆ ಅಲ್ಲಿ ಓದಲು ಏನೂ ಸಿಗುವುದಿಲ್ಲ.