ನೀಡ್‌ಫುಲ್ ಹೋಯಿತು, ಅಲೈನ್ ಬಂತು

ನಮ್ಮ ಎಚ್‌ಆರ್‌ನಿಂದ ಸುತ್ತೋಲೆ ಬಂದಿದೆ. ಮೇಲ್‌ಗಳಲ್ಲಿ ಇನ್ನು 'ಕೈಂಡ್ಲಿ ಡೂ ದ ನೀಡ್‌ಫುಲ್' ಬೇಡವಂತೆ. 'ರಿವರ್ಟ್ ಬ್ಯಾಕ್', 'ಪ್ರಿಪೋನ್' ಕೂಡ ಬೇಡ. ಇನ್ನೇನಿದ್ದರೂ 'ಲೆಟ್ಸ್ ಅಲೈನ್', 'ಸರ್ಕಲ್ ಬ್ಯಾಕ್', 'ಟಚ್ ಬೇಸ್'. ಬ್ರಿಟಿಷರು ಉಟ್ಟು ಬಿಟ್ಟ ಪಂಚೆ ಹಳತಾಯಿತು, ಅಮೆರಿಕದ ಚಡ್ಡಿ ಹಾಕಿಕೊಳ್ಳಿ ಅಂತ ಆಜ್ಞೆ.

ಪ್ರಿಪೋನ್ ಹೋಗಿದ್ದಕ್ಕೆ ಮಾತ್ರ ನನಗೆ ನಿಜವಾಗಿ ಬೇಜಾರು. ಆಕ್ಸ್‌ಫರ್ಡ್ ನಿಘಂಟಿನವರೇ ಒಳಗೆ ಕರೆದು ಕೂರಿಸಿದ ಪದ ಅದು. ನಾಲ್ಕರ ಮೀಟಿಂಗ್ ಮೂರಕ್ಕೆ ಬಂತು ಅಂತ ಎಲ್ಲರಿಗೂ ತಟ್ಟನೆ ತಿಳಿಯುತ್ತಿತ್ತು. ಈಗ 'ಮೂವ್ ಫಾರ್ವರ್ಡ್' ಅನ್ನಬೇಕು. ಅರ್ಧ ಜನ ಮೂರಕ್ಕೆ ಬರುತ್ತಾರೆ, ಇನ್ನರ್ಧ ಐದಕ್ಕೆ. ಮಾಡರ್ನ್ ಅಲ್ವಾ!

ಇರಲಿ. ನಮ್ಮ ಮ್ಯಾನೇಜರ್ ಸಾಹೇಬರ ಹಳೇ ಮೇಲ್ ನೋಡಿ. ಶುಕ್ರವಾರ ಸಂಜೆ, ಐದು ಜನಕ್ಕೆ ಒಟ್ಟಿಗೆ: 'ಟ್ರೇಲ್ ಮೇಲ್ ನೋಡಿ, ಕೈಂಡ್ಲಿ ಡೂ ದ ನೀಡ್‌ಫುಲ್.' ಟ್ರೇಲ್ ಪಾತಾಳದವರೆಗೆ ಇಳಿದಿದೆ. ಬುಡಕ್ಕೆ ಹೋದರೆ ವಿಷಯ ಇಷ್ಟೇ: ಬಿಲ್ಲಿನಲ್ಲಿ ಕ್ಲೈಂಟಿನ ಜಿಎಸ್‌ಟಿ ನಂಬರ್ ತಪ್ಪಾಗಿದೆ, ಅವರು ವಾಪಸ್ ಕಳಿಸಿದ್ದಾರೆ. ಸರಿಪಡಿಸೋದು ಅಕೌಂಟ್ಸ್‌ನವರು ಅಂತ ಸೇಲ್ಸ್, ಸರಿಯಾದ ನಂಬರ್ ಕೊಡೋದು ಸೇಲ್ಸ್‌ನವರು ಅಂತ ಅಕೌಂಟ್ಸ್. ಬಿಲ್ ಇದ್ದಲ್ಲೇ ಇದೆ.

ಈಗ ಸುತ್ತೋಲೆ ಪ್ರಕಾರ ಅದೇ ಮೇಲ್: 'ಲೂಪಿಂಗ್ ಇನ್ ದ ಟೀಮ್. ಲೆಟ್ಸ್ ಅಲೈನ್ ಆನ್ ನೆಕ್ಸ್ಟ್ ಸ್ಟೆಪ್ಸ್.' ಐದು ಜನ ಏಳಾದರು. ಬಿಲ್ ಈಗಲೂ ಇದ್ದಲ್ಲೇ ಇದೆ.

ಸರ್ಕಾರಿ ಕಚೇರಿಯನ್ನು ಸುಮ್ನೆ ಬೈಯುತ್ತೇವೆ. ಅಲ್ಲೂ 'ಅಗತ್ಯ ಕ್ರಮಕ್ಕಾಗಿ ರವಾನಿಸಿದೆ' ಅಂತ ಬರೆದು ಫೈಲನ್ನು ಪಕ್ಕದ ಟೇಬಲ್ಲಿಗೆ ತಳ್ಳುತ್ತಾರೆ. ಆದರೆ ಫೈಲು ಯಾವ ಟೇಬಲ್ಲಿನಲ್ಲಿದೆ ಅಂತ ಕೇಳಿದರೆ ಜವಾನನಾದರೂ ಹೇಳುತ್ತಾನೆ. ಐದು ಜನರ ಇನ್‌ಬಾಕ್ಸಿನಲ್ಲಿ ಮಲಗಿದ ಕೆಲಸ ಯಾರದು ಅಂತ ಹೇಳೋಕೆ ನಮ್ಮಲ್ಲಿ ಜವಾನನೂ ಇಲ್ಲ.

'ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ತಪ್ಪಿದೆ. ಸೇಲ್ಸ್‌ನ ಇಂಥವರು ನಾಳೆ ಬೆಳಿಗ್ಗೆ ಸರಿಯಾದ ನಂಬರ್ ಕೊಡಿ, ಅಕೌಂಟ್ಸ್‌ನ ಇಂಥವರು ಗುರುವಾರ ನಾಲ್ಕರೊಳಗೆ ಹೊಸ ಬಿಲ್ ಕಳಿಸಿ.' ಇಷ್ಟು ಬರೆಯೋಕೆ ಯಾವ ತರಬೇತಿಯೂ ಬೇಡ. ಟ್ರೇಲ್ ಪೂರ್ತಿ ಓದಬೇಕು, ಕೆಲಸ ಯಾರದು ಅಂತ ತೀರ್ಮಾನಿಸಬೇಕು, ತಪ್ಪಾದರೆ ತೀರ್ಮಾನ ತನ್ನದು ಅನ್ನಬೇಕು. ಅದೇ ತಾನೇ ಕಷ್ಟ.

ಹೊಸದಾಗಿ ಸೇರಿದ ಹುಡುಗನೊಬ್ಬ ಹೀಗೇ ನೇರವಾಗಿ ಬರೆದ. 'ಟೋನ್ ಸ್ವಲ್ಪ ಹಾರ್ಶ್ ಆಯ್ತಪ್ಪ' ಅಂತ ಒಳಗೆ ಕರೆದು ಹೇಳಿದರು. ಇಂಗ್ಲಿಷ್ ಕಚ್ಚಾ ಅಂತ ಅವನ ಹೆಸರನ್ನೇ ತರಬೇತಿಗೆ ಮೊದಲು ಬರೆಸಿದರು. ಆ ಮೇಲ್ ನಾನು ಓದಿದ್ದೇನೆ. ಇಡೀ ಟ್ರೇಲ್‌ನಲ್ಲಿ ಅರ್ಥವಾಗುವ ಮೇಲ್ ಅಂತ ಇದ್ದದ್ದು ಅದೊಂದೇ.